ದ್ರಾಕ್ಷಿ ಮುಟ್ಟಿದ ಬಟ್ಟು, 284ರ ಲೆಕ್ಕ

ನಮ್ಮ ಓಣಿಯೊಳಗ ಈಗ ಮಿಕ್ಸರ್ ಇಲ್ಲದ ಮನಿ ಬೇಕಾದ್ರ ಸಿಕ್ಕೀತು, ಶುಗರ್ ನೋಡೂ ಮಷಿನ್ ಇಲ್ಲದ ಮನಿ ಸಿಗೂದು ಕಷ್ಟ ಆಗೇದ. ಮುಂಜಾನೆ ಕಸಾ ಹೊಡಿಯೂ ಹೊತ್ತಿಗೆ ಒಬ್ಬರಿಗೊಬ್ಬರು "ಚಹಾ ಆತೇನ್ರಿ?" ಅಂತ ಕೇಳ್ತಿದ್ವಿ. ಈಗ "ಎಷ್ಟು ಬಂತ್ರಿ?" ಅಂತ ಕೇಳ್ತೀವಿ. ಆ ನಂಬರ್ ಕಡಿಮಿ ಬಂದ್ರ ಅವತ್ತು ಹೋಳಿಗಿ ತಿನ್ನಲಿಕ್ಕೆ ಪರವಾನಗಿ ಸಿಕ್ಕಂಗ. ಹೆಚ್ಚು ಬಂದ್ರ ಮನಿ ಮಂದಿಯೆಲ್ಲಾ ನಿನ್ನೆ ಏನೇನು ತಿಂದಿದ್ರು ಅಂತ ಲೆಕ್ಕಾ ತಗೀತಾರ. ಆದ್ರ ಆ ನಂಬರ್ ಖರೇ ಅದ ಏನು ಅಂತ ಕೇಳೂರು ಕಡಿಮಿ. ಮಷಿನ್ ಸುಳ್ಳು ಹೇಳೂದಿಲ್ಲ ಅನ್ನೂದು ನಮ್ಮೆಲ್ಲಾರ ನಂಬಿಕಿ. ಮಷಿನ್ ಸುಳ್ಳು ಹೇಳೂದಿಲ್ಲ ಖರೆ, ಆದ್ರ ಅದರ ಬಾಯಿಗೆ ನಾವು ಏನು ಹಾಕ್ತೀವೋ ಅದನ್ನ ಅಷ್ಟ ಅದು ಹೇಳ್ತದ.

ನಮ್ಮ ಎದುರು ಮನಿ ಕಾಕು ಅವರದು ಹೇಳ್ತೀನಿ. ಅವರಿಗೆ ಅರವತ್ತೆಂಟು ವಯಸ್ಸು, ಇನ್ಸುಲಿನ್ ತಗೋತಾರ. ಅವರ ಡಾಕ್ಟರ್ರು ಒಂದು ಚೀಟಿ ಬರದು ಕೊಟ್ಟಾರ, ಊಟಕ್ಕ ಮೊದಲು ನೋಡಿದಾಗ 250 ದಾಟಿದ್ರ ನಾಕು ಯೂನಿಟ್ ಹೆಚ್ಚಿಗಿ ತಗೋರಿ ಅಂತ. ಆ ಚೀಟಿ ಅವರ ಫ್ರಿಜ್ಜಿನ ಬಾಗಲಕ್ಕ ಅಂಟಿಸಿದ್ದು ಹಂಗ ಅದ. ಹೋದ ವರ್ಷ ಫೆಬ್ರುವರಿಯೊಳಗ ವಿಜಯಪುರದಿಂದ ಅವರ ತಮ್ಮ ಒಂದು ಬುಟ್ಟಿ ದ್ರಾಕ್ಷಿ ಕಳಿಸಿದ್ರು. ಮಧ್ಯಾಹ್ನ ಊಟಕ್ಕ ಮೊದಲು ಕಾಕು ಪಡಸಾಲಿಯೊಳಗ ಕೂತು ಒಡದ ಹಣ್ಣು ಬ್ಯಾರೆ, ಛಲೋ ಹಣ್ಣು ಬ್ಯಾರೆ ಅಂತ ಆರಿಸಿದ್ರು. ಒಂದು ಹಣ್ಣೂ ಬಾಯಿಗೆ ಹಾಕ್ಕೊಳ್ಳಲಿಲ್ಲ. ಕೈ ಸೆರಗಿಗೆ ಒರಸಿಕೊಂಡು, ಸ್ಪಿರಿಟ್ ಹತ್ತಿ ತಗೊಂಡು ಬಟ್ಟು ಒಂದು ಸಲ ತಿಕ್ಕಿ, ಚುಚ್ಚಿ ನೋಡಿದ್ರ 284!

ಅವರ ಸೊಸಿ ಓಡಿ ಬಂದಳು. "ಮೌಶಿ, ಸ್ವಲ್ಪ ಬರ್ರಿ. ಅತ್ತಿಯವರ ಶುಗರ್ 284 ಬಂದದ, ನಾಕು ಯೂನಿಟ್ ಹೆಚ್ಚಿಗಿ ಹಾಕ್ಕೋತೀನಿ ಅಂತ ಕೂತಾರ. ಮುಂಜಾನೆ 121 ಇತ್ತು, ನಾಷ್ಟಾಕ್ಕ ಬರೇ ಒಂದು ರೊಟ್ಟಿ ತಿಂದಾರ."

ಮುಂಜಾನೆ 121 ಇದ್ದದ್ದು ಒಂದು ರೊಟ್ಟಿ ತಿಂದು ನಾಕು ತಾಸಾದ ಮ್ಯಾಲೆ 284 ಆಗೂದು ಬಾಯಿಗೆ ಬರೂ ಮಾತಲ್ಲ. ನಾ ಹೋಗಿ ನೋಡಿದ್ರ ಬುಟ್ಟಿ ಅಲ್ಲೇ ಇತ್ತು, ಕಾಕುನ ಬಟ್ಟು ಮುಟ್ಟಿದ್ರ ಅಂಟಂಟು. "ಕಾಕು, ಮೊದಲು ನಳದ ಕೆಳಗ ಸಾಬಾಣ ಹಚ್ಚಿ ಎರಡೂ ಕೈ ತೊಳಕೊಂಡು ಬರ್ರಿ, ಪೆನ್ನು ಕೆಳಗ ಇಡ್ರಿ" ಅಂದೆ. "ಸ್ಪಿರಿಟ್ ಹಚ್ಚೀನಲ್ಲ" ಅಂತ ಅಂದ್ರು, ಆದ್ರೂ ಎದ್ದು ಹೋದ್ರು. ಕೈ ತೊಳದು, ಛಂದಂಗ ಒರಸಿ, ಬ್ಯಾರೆ ಕೈಯಿನ ಉಂಗುರ ಬಟ್ಟಿಗೆ ಚುಚ್ಚಿದಾಗ ಬಂದದ್ದು 138. ನಂಬಿಕಿ ಬರಲಿ ಅಂತ ಮತ್ತೊಂದು ಸ್ಟ್ರಿಪ್ ಹಾಕಿ ನೋಡಿದ್ವಿ, 146. ಎರಡಕ್ಕೂ ಎಂಟು ಫರಕು ಅದ ಅಂತ ಕಾಕು ಮತ್ತ ಮಾರಿ ಸಣ್ಣ ಮಾಡಿದ್ರು. ಅಷ್ಟು ಫರಕು ಇರೂದ, ಅದನ್ನ ಮುಂದ ಹೇಳ್ತೀನಿ. 138ಕ್ಕ ಆ ನಾಕು ಯೂನಿಟ್ ಹೆಚ್ಚಿಗಿ ಹೋಗಿದ್ರ ಮಧ್ಯಾಹ್ನ ಮೂರು ಗಂಟೆಕ್ಕ, ಎಲ್ಲಾರೂ ಮಲಗಿದ ಹೊತ್ತಿನಾಗ, ಕಾಕುಗ ಬೆವರು ಬಿಟ್ಟು ಸಕ್ಕರಿ ಇಳದಿರ್ತಿತ್ತು. ಮಲಗ್ಯಾರ ಅಂತ ಯಾರೂ ಎಬ್ಬಸ್ತಿದ್ದಿಲ್ಲ.

ಒಂದು ಹಣ್ಣಿನ ರಸಕ್ಕ ಇಷ್ಟು ಶಕ್ತಿ ಹೆಂಗ ಅಂತ ಸೊಸಿ ಕೇಳಿದಳು. ಇದರ ಲೆಕ್ಕಾ ಸರಳ ಅದ. ಈಗಿನ ಮಷಿನ್‌ಗೆ ಬೇಕಾಗೂ ರಕ್ತ ಸುಮಾರು ಒಂದು ಮೈಕ್ರೋಲೀಟರ್, ಕೆಲವಕ್ಕ ಅರ್ಧ ಸಾಕು. ಅಂದ್ರ ಸಾಸಿವಿ ಕಾಳಿಗಿಂತ ಸಣ್ಣ ಹನಿ. ನಮ್ಮ ಶುಗರ್ 100 ಇದ್ದಾಗ ಅಂಥ ಒಂದು ಹನಿಯೊಳಗ ಇರೂ ಗ್ಲುಕೋಸ್ ಒಂದು ಮೈಕ್ರೋಗ್ರಾಮ್ ಅಷ್ಟ. ಒಂದು ಸಕ್ಕರಿ ಹರಳನ್ನ ನೂರಾರು ಚೂರು ಮಾಡಿದ್ರ ಒಂದು ಚೂರಿನ ತೂಕ ಅಷ್ಟು ಆಗ್ತದ. ದ್ರಾಕ್ಷಿ ರಸದೊಳಗ ಗ್ಲುಕೋಸ್ ನಮ್ಮ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರ್ತದ. ಬಟ್ಟಿನ ಗೆರಿಯೊಳಗ ಒಣಗಿ ಕೂತ ಕಣ್ಣಿಗೆ ಕಾಣದಷ್ಟು ರಸ ಆ ಹನಿಯೊಳಗ ಕರಗಿದ್ರ ಸಾಕು, ನಂಬರ್ ಡಬಲ್ ಆಗ್ತದ. ಮೈಯೊಳಗ ಏನೂ ಏರಿರೂದಿಲ್ಲ, ಏರಿದ್ದು ಬಟ್ಟಿನ ತುದಿಯೊಳಗ ಅಷ್ಟ.

ಇದು ನಮ್ಮ ಓಣಿಯ ಮಾತು ಅಷ್ಟ ಅಲ್ರಿ. ಜಪಾನಿನ ಡಾಕ್ಟರ್ರು ಇದನ್ನ ಪರೀಕ್ಷಾ ಮಾಡಿ 2011ರಾಗ ಬರದಾರ. ಸಕ್ಕರಿ ಕಾಯಿಲಿ ಇಲ್ಲದ ಮಂದಿ ಕೈಲೆ ಕಿತ್ತಳಿ, ದ್ರಾಕ್ಷಿ, ಕಿವಿ ಹಣ್ಣು ಸುಲಿಸಿ ಚುಚ್ಚಿ ನೋಡಿದ್ರ ಅವರಿಗೂ ಭಾಳ ಹೆಚ್ಚು ಬಂತಂತ. ಸ್ಪಿರಿಟ್ ಹತ್ತಿಲೆ ಒರಸಿದ ಮ್ಯಾಲೂ ಹೆಚ್ಚ ಬಂತು. ನಳದ ನೀರಿಲೆ ತೊಳದಾಗ ಮಾತ್ರ ಸರಿ ನಂಬರ್ ಬಂತು. ಸ್ಪಿರಿಟ್ ಹುಳಾ ಸಾಯಿಸ್ತದ, ಹಣ್ಣಿನ ಸಕ್ಕರಿ ಹೋಗಲಿಕ್ಕೆ ನೀರು ಬೇಕು. ಜೇನುತುಪ್ಪ, ಚಿಕ್ಕು, ಮಾವಿನಹಣ್ಣು, ಖರ್ಜೂರ, ಎಲ್ಲಾದಕ್ಕೂ ಇದ ಮಾತು. ಅಡಗಿ ಮಾಡೂ ನಮ್ಮ ಕೈಗೆ ದಿನಕ್ಕ ಏನೇನು ಹತ್ತಿರ್ತದ ಅನ್ನೂದು ನಮಗ ಗೊತ್ತ ಅದ.

ಹಿಂಗಾಗಿ ಚುಚ್ಚೂದು ಹೆಂಗ ಅನ್ನೂದನ್ನ ಮೊದಲಿಂದ ಹೇಳ್ತೀನಿ. ಸಾಬಾಣ ಹಚ್ಚಿ ನಳದ ಕೆಳಗ ಕೈ ತೊಳಕೋಬೇಕು, ಉಗುರಿನ ಬಾಜೂನೂ. ಥಂಡಿ ದಿನಾ ಇದ್ರ ಉಗುರುಬೆಚ್ಚಗಿನ ನೀರು ಛಲೋ, ರಕ್ತ ಸಲೀಸಾಗಿ ಬರ್ತದ. ಆಮ್ಯಾಲೆ ಸ್ವಚ್ಛ ಟಾವೆಲ್‌ಲೆ ಪೂರಾ ಒಣಗಿಸಬೇಕು. ಇಲ್ಲೇ ಭಾಳ ಮಂದಿ ಅವಸರಾ ಮಾಡ್ತಾರ. ಬಟ್ಟಿನ ಮ್ಯಾಲೆ ನೀರು ಉಳದ್ರ ಅದು ಹನಿಯೊಳಗ ಕೂಡಿ ರಕ್ತ ನೀರಾಗ್ತದ, ನಂಬರ್ ಕಡಿಮಿ ತೋರಿಸ್ತದ. ಹಣ್ಣಿನ ರಸ ಸುಳ್ಳ ಸುಳ್ಳ ಏರಸ್ತದ, ಹಸಿ ಕೈ ಸುಳ್ಳ ಸುಳ್ಳ ಇಳಸ್ತದ. ಸ್ಪಿರಿಟ್ ಹಚ್ಚಲೇಬೇಕು ಅಂದ್ರ ಅದೂ ಪೂರಾ ಆರೂತನಕ ತಡೀಬೇಕು. ಮನಿಯೊಳಗ ಸಾಬಾಣ ನೀರು ಇದ್ದಾಗ ನನ್ನ ಪ್ರಕಾರ ಸ್ಪಿರಿಟ್ ಬೇಕಾಗೇ ಇಲ್ಲ, ಚರ್ಮ ಒಣಗಿ ಬಿರಸಾಗೂದು ಬ್ಯಾರೆ.

ಕೈ ಅರ್ಧ ಮಿನಿಟ್ ಕೆಳಗ ಜೋತು ಬಿಡ್ರಿ, ರಕ್ತ ಬಟ್ಟಿಗೆ ಇಳೀಲಿ. ಚುಚ್ಚೂದು ಬಟ್ಟಿನ ಮೆತ್ತನ ನಡುವ ಅಲ್ಲ, ಬಾಜೂಕ್ಕ. ನಡುವ ನರಾ ಹೆಚ್ಚು ಇರ್ತಾವ, ನೋವು ಹೆಚ್ಚು, ಮುಂದ ರೊಟ್ಟಿ ಬಡೀಲಿಕ್ಕೆ ಕೂತಾಗ ಅದ ಜಾಗಾ ಚುರ್ ಅಂತದ. ದಿನಾ ಒಂದ ಬಟ್ಟು ಬ್ಯಾಡ, ಬದಲಿ ಮಾಡಕೋತ ಹೋಗ್ರಿ. ಹನಿ ಬರಲಿಲ್ಲ ಅಂತ ತುದಿ ಹಿಡದು ಹಿಂಡಬ್ಯಾಡ್ರಿ. ಗಟ್ಟ್ಯಾಗಿ ಹಿಂಡಿದ್ರ ರಕ್ತದ ಜೊತಿ ಮಾಂಸದೊಳಗಿನ ನೀರೂ ಬರ್ತದ, ಅದು ಕೂಡಿದ ಹನಿ ನಂಬಲಿಕ್ಕೆ ಬರೂದಿಲ್ಲ. ಬಟ್ಟಿನ ಬುಡದಿಂದ ತುದೀ ಕಡೆ ಸಾವಕಾಶ ಒತ್ತಿ ತರಬೇಕು. ಅಷ್ಟಕ್ಕೂ ಬರಲಿಲ್ಲಾಂದ್ರ ಸೂಜಿ ಪೆನ್ನಿನ ತುದಿ ತಿರುಗಿಸಿ ಆಳ ಒಂದು ನಂಬರ್ ಹೆಚ್ಚು ಮಾಡ್ರಿ. ರೊಟ್ಟಿ ಬಡದು ಗಟ್ಟಿಯಾದ ಬಟ್ಟಿಗೂ ಬ್ಯಾಂಕಿನೊಳಗ ಕೆಲಸ ಮಾಡೂ ಹುಡುಗಿ ಬಟ್ಟಿಗೂ ಒಂದ ಆಳ ಆಗೂದಿಲ್ಲ.

ಹನಿ ನಿಂತ ಮ್ಯಾಲೆ ಸ್ಟ್ರಿಪ್ಪಿನ ತುದಿ ಅದಕ್ಕ ಮುಟ್ಟಿಸಿದ್ರ ಸಾಕು, ಹತ್ತಿ ಬತ್ತಿ ಎಣ್ಣಿ ಎಳಕೊಂಡಂಗ ತಾನ ಎಳಕೋತದ. ಮ್ಯಾಲಿಂದ ಬಳೀಲಿಕ್ಕೆ ಹೋಗಬ್ಯಾಡ್ರಿ. ಕಿಡಕಿ ಪೂರಾ ತುಂಬಲಿಲ್ಲಾಂದ್ರ ಆ ಸ್ಟ್ರಿಪ್ ಬಿಟ್ಟು ಹೊಸಾದು ತಗೋಬೇಕು. "ಇಪ್ಪತ್ತು ರೂಪಾಯಿ ಹೋತಲ್ಲ" ಅಂತ ಹೊಟ್ಟಿ ಉರೀತದ, ನನಗೂ ಉರೀತದ. ಆದ್ರ ಅರ್ಧ ತುಂಬಿದ ಸ್ಟ್ರಿಪ್ಪಿನ ನಂಬರ್ ಹಿಡಕೊಂಡು ಗುಳಗಿ ನುಂಗೂದು ಅದಕ್ಕಿಂತ ತುಟ್ಟಿ.

ಊರಿಗೆ ಹೋಗೂ ಬಸ್ಸಿನಾಗ ನೀರ ಇಲ್ಲಾಂದ್ರ? ಮೊದಲ ಹನಿ ಸ್ವಚ್ಛ ಹತ್ತಿಲೆ ಒರಸಿ ಎರಡನೇ ಹನಿ ಹಚ್ಚಬಹುದು. ಆದ್ರ ಹಣ್ಣು, ಸಿಹಿ ಮುಟ್ಟಿದ ಕೈ ಇದ್ರ ಎರಡನೇ ಹನೀನೂ ನಂಬಬ್ಯಾಡ್ರಿ. ಬಾಟ್ಲಿ ನೀರು ಹಾಕ್ಕೊಂಡರ ಒಂದು ಬಟ್ಟು ತೊಳಕೋರಿ.

ಇದರಾಗ ಒಂದು ಜಾಗಾ ಭಾಳ ನಾಜೂಕು ಅದ. ಶುಗರ್ ಇಳದು ಕೈ ನಡಗಲಿಕ್ಕೆ ಹತ್ತಿದಾಗ, ಅಂದ್ರ 70ಕ್ಕಿಂತ ಕಡಿಮಿ ಆದಾಗ, ನಾವು ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಸ್ತೀವಿ. ಹದಿನೈದು ಮಿನಿಟ್ ಬಿಟ್ಟು ಮತ್ತ ನೋಡ್ರಿ ಅಂತ ಡಾಕ್ಟರ್ರು ಹೇಳಿರ್ತಾರ. ಆಗ ನಡಗೂ ಕೈಯೊಳಗಿನ ಲೋಟ ಚೆಲ್ಲಿ ಬಟ್ಟಿಗೆ ಆ ಪುಡಿನೋ ನೀರೋ ಹತ್ತೇ ಹತ್ತಿರ್ತದ. ಅದು ಶುದ್ಧ ಗ್ಲುಕೋಸ್, ಮಷಿನ್ ಹುಡುಕೂದು ಅದನ್ನ. ಬಟ್ಟು ತೊಳೀದ ಚುಚ್ಚಿದ್ರ 200, 300 ತೋರಿಸಿಬಿಡ್ತದ. "ಈಗ ಏರೇದ ಬಿಡು" ಅಂತ ಎಲ್ಲಾರೂ ಸುಮ್ಮನಾಗ್ತಾರ, ಒಳಗ ಇನ್ನೂ 60 ಇರ್ತದ. ಎದ್ದು ಹೋಗಲಿಕ್ಕೆ ಆಗದವರಿಗೆ ಕೂತಲ್ಲೇ ಸಾಬಾಣ ನೀರಿಲೆ ಬಟ್ಟು ತೊಳದು, ಸಾದಾ ನೀರು ಹಾಕಿ, ಒರಸಿ ನೋಡ್ರಿ. ಮತ್ತ ಬೆವರು, ನಡುಕ, ಮಾತು ತೊದಲೂದು ಇದ್ದು ಮಷಿನ್ "ಸರಿ ಅದ" ಅಂತ ತೋರಿಸಿದ್ರ ಮಂದಿ ಮಾರಿ ನಂಬ್ರಿ, ಮಷಿನ್ ಅಲ್ಲ. ಎಚ್ಚರ ಇದ್ದವರಿಗೆ ಮೂರು ಚಮಚ ಸಕ್ಕರಿ ನೀರು ಮೊದಲು, ಚುಚ್ಚೂದು ಆಮ್ಯಾಲೆ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕದ ಸೀದಾ ದವಾಖಾನಿಗೆ ಒಯ್ಯಬೇಕು.

ಇನ್ನ ಸ್ಟ್ರಿಪ್ಪಿನ ಡಬ್ಬಿ. ಅದನ್ನ ಬರೇ ಡಬ್ಬಿ ಅಂತ ತಿಳ್ಕೊಬ್ಯಾಡ್ರಿ. ಸ್ಟ್ರಿಪ್ಪಿನ ತುದಿಗೆ ಒಂದು ಔಷಧ ಹಚ್ಚಿರ್ತಾರ, ಗ್ಲುಕೋಸ್ ಹತ್ತಿದ ಕೂಡಲೆ ಅದು ಕೆಲಸ ಮಾಡಿ ಸಣ್ಣ ಕರೆಂಟ್ ಹುಟ್ಟಸ್ತದ, ಮಷಿನ್ ಅಳಿಯೂದು ಆ ಕರೆಂಟನ್ನ. ಆ ಔಷಧಕ್ಕ ಹಸಿ ಹವಾನೂ ಆಗೂದಿಲ್ಲ, ಕಾವೂ ಆಗೂದಿಲ್ಲ. ಅದಕ್ಕ ಕಂಪನಿಯವರು ಡಬ್ಬಿಯೊಳಗ ಹಸಿ ಹೀರೂ ವಸ್ತು ಇಟ್ಟಿರ್ತಾರ, ಮುಚ್ಚಳಾನೂ ಟಕ್ ಅಂತ ಬಿಗಿ ಆಗೂ ಹಂಗ ಮಾಡಿರ್ತಾರ.

ನಮ್ಮ ನಾದಿನಿ ಧಾರವಾಡದೊಳಗ ಇರ್ತಾಳ, ಅಲ್ಲೆ ಮಳಿ ಹಿಡೀತಂದ್ರ ಉಪ್ಪಿನ ಡಬ್ಬಿಯೊಳಗೂ ನೀರು ಒಡೀತದ. ಆಕಿ ಭಾಳ ಅಚ್ಚುಕಟ್ಟು. ಡಬ್ಬಿ ದೊಡ್ಡದಾತು, ಪರ್ಸಿನೊಳಗ ಹಿಡಿಯೂದಿಲ್ಲ ಅಂತ ಸ್ಟ್ರಿಪ್ಪೆಲ್ಲಾ ಒಂದು ಸ್ಟೀಲಿನ ಕುಂಕುಮದ ಭರಣಿಗೆ ಸುರವಿ ಇಟ್ಟಿದ್ದಳು. ಜುಲೈದೊಳಗ ಆಕಿದು ಮುಂಜಾನಿ ಶುಗರ್ 178, 190, 185 ಹಿಂಗ ಬರಲಿಕ್ಕೆ ಹತ್ತು. ಮೊದಲು 130ರ ಆಜೂಬಾಜೂ ಇತ್ತು. ಊಟ ಅದ, ಗುಳಗಿ ಅದ, ವಾಕಿಂಗೂ ಅದ. ಅನ್ನಾ ಬಿಟ್ಟಳು, ಆದ್ರೂ ಇಳೀಲಿಲ್ಲ. "ವೈನಿ, ಗುಳಗಿ ಹೆಚ್ಚು ಮಾಡಸ್ತೀನಿ" ಅಂತ ಫೋನ್ ಮಾಡಿದಾಗ, "ಅದಕ್ಕ ಮೊದಲು ಕಂಟ್ರೋಲ್ ಸೊಲ್ಯೂಷನ್ ಹಾಕಿ ನೋಡು" ಅಂದೆ. ಅದೇನು ಅಂತ ಆಕಿಗೆ ಗೊತ್ತಿರಲಿಲ್ಲ. ಭಾಳ ಮಂದಿಗೆ ಗೊತ್ತಿರೂದಿಲ್ಲ, ಯಾಕಂದ್ರ ಪೆಟ್ಟಿಗಿಯೊಳಗ ಅದು ಬಂದಿರೂದ ಕಡಿಮಿ. ಮೆಡಿಕಲ್‌ನಾಗ ನಿಮ್ಮ ಮಷಿನ್ ಹೆಸರು ಹೇಳಿ ತರಸ್ಕೋಬೇಕು.

ಅದು ಸಣ್ಣ ಬಾಟ್ಲಿಯೊಳಗಿನ ನೀರಿನಂಥಾದ್ದು, ಅದರಾಗ ಇಷ್ಟ ಗ್ಲುಕೋಸ್ ಅಂತ ಅಳದು ಹಾಕಿರ್ತಾರ. ಬಾಟ್ಲಿ ಅಲ್ಲಾಡಿಸಿ, ಮೊದಲ ಹನಿ ಚೆಲ್ಲಿ, ಎರಡನೇ ಹನಿ ಸ್ವಚ್ಛ ಮುಚ್ಚಳದ ಮ್ಯಾಲೆ ಹಾಕಿ, ರಕ್ತದ ಬದಲಿ ಅದಕ್ಕ ಸ್ಟ್ರಿಪ್ ಮುಟ್ಟಸಬೇಕು. ನಂಬರ್ ಎಷ್ಟರ ನಡುವ ಬರಬೇಕು ಅನ್ನೂದನ್ನ ಸ್ಟ್ರಿಪ್ ಡಬ್ಬಿ ಮ್ಯಾಲೆ ಅಚ್ಚು ಹಾಕಿರ್ತಾರ. ನಾದಿನಿ ಡಬ್ಬಿ ಮ್ಯಾಲೆ 96ರಿಂದ 130 ಅಂತ ಇತ್ತು. ಪುಣ್ಯಾಕ್ಕ ಖಾಲಿ ಡಬ್ಬಿ ಒಗದಿರಲಿಲ್ಲ. ಭರಣಿಯೊಳಗಿನ ಸ್ಟ್ರಿಪ್ ಹಾಕಿದಾಗ ಬಂದದ್ದು 151, ಇನ್ನೊಂದು ಹಾಕಿದಾಗ 148. ಹೊಸಾ ಡಬ್ಬಿ ತಂದು ಒಡದು ನೋಡಿದಾಗ 113. ಮಷಿನ್ ಸರಿ ಇತ್ತು, ಸ್ಟ್ರಿಪ್ಪಿಗೆ ಮಳಿ ಹವಾ ಹತ್ತಿತ್ತು. ಮರುದಿನ ಹೊಸಾ ಸ್ಟ್ರಿಪ್ಪಿನಾಗ ಮುಂಜಾನಿ ಶುಗರ್ 134. ಗುಳಗಿ ಹೆಚ್ಚು ಮಾಡಿದ್ದರ ಏನಾಗ್ತಿತ್ತೋ ಅಂತ ಆಕಿ ಗಂಡ ತಲಿ ಮ್ಯಾಲೆ ಕೈ ಇಟ್ಟುಕೊಂಡ್ರು. ನಾದಿನಿಗೆ ಸಿಟ್ಟು ಬಂದದ್ದು ಮಾತ್ರ ಬಿಟ್ಟ ಅನ್ನದ ಮ್ಯಾಲೆ. ಹದಿನೈದು ದಿನದ ಅನ್ನ ಸುಮ್ಮನ ಹೋತು ಅಂತ ಇನ್ನೂ ಅಂತಾಳ.

ಎಲ್ಲಾ ಸ್ಟ್ರಿಪ್ಪೂ ಕೆಟ್ಟಾಗ ಹೆಚ್ಚ ತೋರಿಸ್ತಾವ ಅಂತ ತಿಳ್ಕೊಬ್ಯಾಡ್ರಿ, ಕೆಲವು ಕಡಿಮಿ ತೋರಿಸ್ತಾವ. ಅದಕ್ಕ ಅಂದಾಜಿನ ಮ್ಯಾಲೆ ಕೂಡಿಸಿ ಕಳದು ನೋಡೂ ಹಂಗಿಲ್ಲ. ಸ್ಟ್ರಿಪ್ ಅದರ ಡಬ್ಬಿಯೊಳಗ ಇರಲಿ, ಒಂದು ತಗೊಂಡ ಕೂಡಲೆ ಮುಚ್ಚಳ ಹಾಕ್ರಿ, ಒದ್ದಿ ಕೈ ಒಳಗ ಹಾಕಬ್ಯಾಡ್ರಿ. ಫ್ರಿಜ್ಜಿನಾಗ ಇಡೂದು ಬ್ಯಾಡ, ಹೊರಗ ತಗದಾಗ ಥಂಡಿಗೆ ಒಳಗ ನೀರು ಕೂಡ್ತದ. ಒಲೀ ಬಾಜೂಕ್ಕ, ಬಿಸಿಲು ಬೀಳೂ ಕಿಡಕಿಯೊಳಗ, ಕಾರಿನ ಡಬ್ಬಿಯೊಳಗೂ ಬ್ಯಾಡ. ಹೆಚ್ಚಿನ ಸ್ಟ್ರಿಪ್ಪಿಗೆ 30 ಡಿಗ್ರಿ ತನಕ ಅಂತ ಬರದಿರ್ತದ, ಏಪ್ರಿಲ್ ಮೇದೊಳಗ ನಮ್ಮ ಕಡೆ ಮನಿಯೊಳಗ ಅದಕ್ಕೂ ಹೆಚ್ಚಾಗ್ತದ. ಮನಿಯೊಳಗ ಎಲ್ಲಾಕ್ಕಿಂತ ತಂಪು ಇರೂ ಕಪಾಟು ಯಾವುದೋ ಅದರ ಕೆಳಗಿನ ಖಾನೆಯೊಳಗ ಇಡ್ರಿ. ಡಬ್ಬಿ ಒಡದ ದಿನದ ತಾರೀಖು ಪೆನ್ನಿಲೆ ಮ್ಯಾಲೆ ಬರೀರಿ. ಎಕ್ಸ್‌ಪೈರಿ ಇನ್ನೂ ವರ್ಷ ಇದ್ರೂ, ಒಡದ ಮ್ಯಾಲೆ ಮೂರು ತಿಂಗಳು, ಆರು ತಿಂಗಳು ಅಂತ ಬ್ಯಾರೆ ಲೆಕ್ಕಾ ಇರ್ತದ, ನಿಮ್ಮ ಡಬ್ಬಿ ಮ್ಯಾಲೆ ಎಷ್ಟದ ನೋಡ್ಕೋರಿ. ಹಳೇ ಮಷಿನ್ ಇದ್ದವರು ಡಬ್ಬಿ ಮ್ಯಾಲಿನ ಕೋಡ್ ನಂಬರ್ ಮಷಿನ್ ಪರದೆ ಮ್ಯಾಲೂ ಅದ ಬರ್ತದೇನು ಅಂತ ಪ್ರತಿ ಹೊಸಾ ಡಬ್ಬಿಗೆ ತಾಳೆ ಹಾಕಬೇಕು. ಈಗ ಬರೂ ಭಾಳ ಮಷಿನ್‌ಗೆ ಕೋಡ್ ಇರೂದಿಲ್ಲ.

ಈಗ ಕಾಕುನ ಆ ಎಂಟರ ಫರಕು. ಮನಿ ಮಷಿನ್ ಅಂದ್ರ ಬಂಗಾರದ ಅಂಗಡಿ ತಕ್ಕಡಿ ಅಲ್ಲ, ಕಾಯಿಪಲ್ಯಾ ಅಂಗಡಿ ತಕ್ಕಡಿ. ಇದಕ್ಕ ಒಂದು ಜಾಗತಿಕ ಮಾನದಂಡ ಅದ, ಐಎಸ್‌ಒ 15197 ಅಂತ. 2013ರ ಲೆಕ್ಕಾದಾಗ, ಶುಗರ್ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಲ್ಯಾಬಿನ ನಂಬರಿಗೂ ಮಷಿನ್ ನಂಬರಿಗೂ ನೂರಕ್ಕ ಹದಿನೈದರ ತನಕ ಫರಕು ಇರಬಹುದು. 100ರ ಒಳಗಿದ್ದಾಗ ಆಚೀಚೆ ಹದಿನೈದು ಅಂಕಿ. ನೂರು ಸಲ ನೋಡಿದ್ರ ತೊಂಬತ್ತೈದು ಸಲ ಇದರೊಳಗ ಬರಬೇಕು ಅಷ್ಟ. ಹಿಂಗಿದ್ದಾಗ 138 ಮತ್ತ 146 ನಡುವ ಜಗಳಾ ಹಚ್ಚೂದ್ರಾಗ ಅರ್ಥ ಇಲ್ಲ. ಎರಡೂ ಒಂದ ನಂಬರ್ ಅಂತ ತಿಳ್ಕೋರಿ.

ನಿಮ್ಮ ಮಷಿನ್ ಸರಿ ಅದ ಏನು ಅಂತ ಲ್ಯಾಬಿನ ಜೊತಿ ತಾಳೆ ನೋಡೂದಕ್ಕೂ ಒಂದು ರೀತಿ ಅದ. ಲ್ಯಾಬಿಗೆ ಮುಂಜಾನೆ ಖಾಲಿ ಹೊಟ್ಟೀಲೆ ಹೋಗೂವಾಗ ಮಷಿನ್ ಜೊತಿಗೆ ಒಯ್ಯಿರಿ. ಅವರು ರಗಟಿಯಿಂದ ರಕ್ತ ತಗೊಂಡ ಐದು ಮಿನಿಟಿನೊಳಗ ಅಲ್ಲೇ ಬಟ್ಟು ತೊಳಕೊಂಡು ಚುಚ್ಚಿ ನೋಡ್ರಿ. ಮನಿಯೊಳಗ ಆರಕ್ಕ ನೋಡಿದ್ದು, ಲ್ಯಾಬಿನೊಳಗ ಒಂಬತ್ತಕ್ಕ ಕೊಟ್ಟಿದ್ದು ಹೋಲಿಸಲಿಕ್ಕೆ ಬರೂದಿಲ್ಲ. ನಮ್ಮನಿಯವರದು ಹಿಂಗ ನೋಡಿದಾಗ ಬಟ್ಟಿನದು 156 ಬಂತು, ಸಂಜಿಮುಂದ ಲ್ಯಾಬಿನ ಕಾಗದ ಬಂದಾಗ 142 ಇತ್ತು. 142ಕ್ಕ ನೂರಕ್ಕ ಹದಿನೈದು ಅಂದ್ರ ಇಪ್ಪತ್ತೊಂದು. ಅಂದ್ರ 121ರಿಂದ 163ರ ತನಕ ಏನು ಬಂದ್ರೂ ನಡೀತದ. 156 ಒಳಗ ಅದ, ಮಷಿನ್ ಪಾಸು. ಊಟಾದ ಮ್ಯಾಲೆ ಮಾತ್ರ ಹಿಂಗ ಹೋಲಿಸಬ್ಯಾಡ್ರಿ. ಉಂಡ ಮ್ಯಾಲೆ ಬಟ್ಟಿನ ರಕ್ತದೊಳಗ ಸಕ್ಕರಿ ರಗಟಿ ರಕ್ತಕ್ಕಿಂತ ಹೆಚ್ಚ ಇರ್ತದ, ಮಷಿನ್ ಸರಿ ಇದ್ರೂ ನಂಬರ್ ದೂರ ಹೋಗ್ತದ. ಮತ್ತ ಇದ ಕಾರಣಕ್ಕ, ಸಕ್ಕರಿ ಕಾಯಿಲಿ ಅದ ಏನು ಇಲ್ಲ ಏನು ಅನ್ನೂದನ್ನ ಮನಿ ಮಷಿನ್ ಮ್ಯಾಲೆ ತೀರ್ಮಾನ ಮಾಡೂದಿಲ್ಲ, ಅದಕ್ಕ ಲ್ಯಾಬಿನ ಪರೀಕ್ಷಾನ ಆಗಬೇಕು.

ಹೊಸಾ ಮಷಿನ್ ತಗೊಳ್ಳೂರು ನನ್ನ ಕೇಳಿದ್ರ ಮಷಿನ್ ಕಡೆ ನೋಡೂಕ್ಕಿಂತ ಮೊದಲು ಸ್ಟ್ರಿಪ್ ಕಡೆ ನೋಡ್ರಿ ಅಂತೀನಿ. ಮಷಿನ್ ಸೋವಿ, ಒಂದೊಂದು ಸಲ ಪುಕ್ಕಟೇನೂ ಕೊಡ್ತಾರ. ರೊಕ್ಕಾ ಹೋಗೂದು ಸ್ಟ್ರಿಪ್ಪಿಗೆ. ನಿಮ್ಮ ಓಣಿ ಮೆಡಿಕಲ್‌ನಾಗ ಆ ಸ್ಟ್ರಿಪ್ ಯಾವಾಗ್ಲೂ ಇರ್ತದೇನು, ಒಂದಕ್ಕ ಎಷ್ಟು ಬೀಳ್ತದ, ಇದನ್ನ ಕೇಳ್ರಿ. ವಾರಕ್ಕ ಒಂದು ಸಲ ನೋಡೂರು ಐವತ್ತರ ಡಬ್ಬಿ ತಂದ್ರ ಮುಗಿಯೂದ್ರಾಗ ಅವಧಿ ಮೀರ್ತದ. ಅಂಥವರಿಗೆ ಇಪ್ಪತ್ತೈದರ ಡಬ್ಬಿ, ಇಲ್ಲಾ ಒಂದೊಂದು ಬ್ಯಾರೆ ಬ್ಯಾರೆ ಪಾಕೀಟಿನೊಳಗ ಬರೂ ಸ್ಟ್ರಿಪ್ ಛಲೋ. ಅಂಕಿ ದೊಡ್ಡಾವ ಇರಲಿ, ಚಷ್ಮಾ ಹಾಕ್ಕೊಳ್ಳಾರದ ಓದಲಿಕ್ಕೆ ಬರಲಿ.

ನಾವು ಹೆಣ್ಣುಮಕ್ಕಳು ಇನ್ನೊಂದು ನೋಡಬೇಕು, ಅದನ್ನ ಅಂಗಡಿಯವರು ಹೇಳೂದಿಲ್ಲ. ನಮ್ಮೊಳಗ ರಕ್ತ ಕಡಿಮಿ ಇರೂರು ಭಾಳ. ರಕ್ತದೊಳಗ ಕೆಂಪು ಕಣ ಕಡಿಮಿ ಇದ್ರ ಮಷಿನ್ ಶುಗರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸ್ತದ. ಪೆಟ್ಟಿಗಿಯೊಳಗಿನ ಕಾಗದದಾಗ ಹಿಮ್ಯಾಟೋಕ್ರಿಟ್ ಅಂತ ಒಂದು ಸಾಲು ಇರ್ತದ, 30ರಿಂದ 55, ಇಲ್ಲಾ 20ರಿಂದ 60, ಹಿಂಗ. ನಿಮ್ಮ ರಕ್ತದ ರಿಪೋರ್ಟಿನಾಗ ಪಿಸಿವಿ ಅಂತ ಬರದದ್ದು ಅದ ನಂಬರ್. ಹಿಮೋಗ್ಲೋಬಿನ್ 9 ಇದ್ದವರಿಗೆ ಪಿಸಿವಿ ಸುಮಾರು 27 ಇರ್ತದ, ಅವರಿಗೆ 30ರಿಂದ ಶುರು ಆಗೂ ಮಷಿನ್ ಬ್ಯಾಡ. ಬಸುರಿ ಹೆಂಗಸರಿಗೆ ಶುಗರ್ ಇದ್ದು ರಕ್ತಾನೂ ಕಡಿಮಿ ಇದ್ರ ಡಾಕ್ಟರ್ರಿಗೆ ಎರಡೂ ಒಟ್ಟಿಗೆ ಹೇಳ್ರಿ, ಮಷಿನ್ ಹೆಸರು ಸಮೇತ.

ಲಂಡನ್ನಿನ್ಯಾಗ ಇರೂ ಮಗಾ ತಂದುಕೊಟ್ಟ ಮಷಿನ್ ನಮ್ಮ ಹಿಂದಿನ ಓಣಿಯೊಳಗ ಒಬ್ಬರ ಹತ್ತಿರ ಅದ. ಅದರಾಗ 7.8, 9.1 ಹಿಂಗ ಬರ್ತದ. ಅಲ್ಲಿ ಅಳತಿನ ಬ್ಯಾರೆ, mmol/L ಅಂತ ಪರದೆ ಮ್ಯಾಲೆ ಬರೀತದ. ನಮ್ಮದು mg/dL. ಅದನ್ನ 18ರಿಂದ ಗುಣಿಸಿದ್ರ ನಮ್ಮ ಲೆಕ್ಕಾ ಆಗ್ತದ, 7.8 ಅಂದ್ರ ಸುಮಾರು 140. ಒಂದು ದಿನ 14.0 ಬಂದಾಗ "ನಂದು ಹದಿನಾಲ್ಕ ಅದ, ಸಕ್ಕರಿ ಕೊಡ್ರಿ" ಅಂತ ಅವರು ಗಾಬರಿ ಆಗಿದ್ರು. ಅದು 252 ಇತ್ತು! ಮಷಿನ್ LO ಅಂತ ತೋರಿಸಿದ್ರ ಅದು ಅಳಿಯಲಿಕ್ಕೆ ಆಗದಷ್ಟು ಕಡಿಮಿ, HI ಅಂದ್ರ ಅಳಿಯಲಿಕ್ಕೆ ಆಗದಷ್ಟು ಹೆಚ್ಚು. HI ಅಂದದ್ದು ನಮಸ್ಕಾರ ಮಾಡಿದ್ದಲ್ಲ, ಕೈ ತೊಳದು ಮತ್ತೊಂದು ಸಲ ನೋಡಿ ಅದ ಬಂದ್ರ ತಡಾ ಮಾಡದ ದವಾಖಾನಿಗೆ ಹೋಗಬೇಕು.

ಇನ್ನ ಸೂಜಿದು. ಭಜನಾ ಮಂಡಳಿಯೊಳಗ ಯಾರರ ಮಷಿನ್ ತಂದ್ರ "ನಂದೂ ಒಂದು ನೋಡವಾ" ಅಂತ ಎಲ್ಲಾರೂ ಕೈ ಮುಂದ ಮಾಡ್ತಾರ. ಪೆನ್ನಿನ ಒಳಗಿನ ಸೂಜಿ ಬದಲಿ ಮಾಡಿದ್ರೂ ಆ ಪೆನ್ನಿನ ಮೂತಿಗೆ ಮೊದಲಿನವರ ರಕ್ತ ಹತ್ತಿರ್ತದ. ಕಾಮಾಲಿ ತರೂ ಹೆಪಟೈಟಿಸ್ ಬಿ ಹಿಂಗ ದಾಟ್ತದ. ಗಂಡ ಹೆಂಡತಿ ಇದ್ರೂ ಪೆನ್ನು ಬ್ಯಾರೆ ಬ್ಯಾರೆ ಇರಬೇಕು. ಬಳಸಿದ ಸೂಜಿ ಕಸದ ಬುಟ್ಟಿಗೆ ಒಗದ್ರ ಕಸಾ ಆರಿಸೂ ಹೆಣ್ಣುಮಗಳ ಕೈಗೆ ಚುಚ್ತದ. ನಾ ಖಾಲಿ ಆದ ದಪ್ಪ ಪ್ಲಾಸ್ಟಿಕ್ ಬಾಟ್ಲಿಯೊಳಗ ಹಾಕಿ, ತುಂಬಿದ ಮ್ಯಾಲೆ ಮುಚ್ಚಳ ಬಿಗಿದು, ಟೇಪ್ ಸುತ್ತಿ, "ಸೂಜಿ" ಅಂತ ಬರದು, ರಕ್ತ ಕೊಡಲಿಕ್ಕೆ ಹೋದಾಗ ಲ್ಯಾಬಿನವರ ಕೈಗೆ ಕೊಟ್ಟು ಬರ್ತೀನಿ. ಅವರು ಬ್ಯಾಡ ಅಂದಿಲ್ಲ ಇನ್ನೂ.